‘ವೊಸೆ’ ಎಂಬ ಇಕ್ಕಟ್ಟು

ಲಿಸ್ಬನ್ನಿಗೆ ಓದಲು ಬರುವ ಮೊದಲು ನಾನು ಪೋರ್ಚುಗೀಸ್ ಕಲಿತದ್ದು ಬ್ರೆಜಿಲ್‌ನ ಸಾವೊ ಪಾವ್ಲೋದ ಗೆಳತಿಯಿಂದ. ಅವಳ ಊರಿನಲ್ಲಿ ಎದುರಿಗಿರುವವರಿಗೆ ‘ವೊಸೆ’ ಎಂದರೆ ಬಹುಪಾಲು ಸಾಕು. ತಮ್ಮನಿಗೂ ಅದೇ, ಅಂಗಡಿಯವನಿಗೂ ಅದೇ. ಹಿರಿಯರಿಗೆ ಮಾತ್ರ ‘ಸೆನ್ಯೋರ್’, ‘ಸೆನ್ಯೋರ’. ಮೊಬೈಲ್ ಹರಟೆಯಲ್ಲಂತೂ ವೊಸೆ ‘ವೀ, ಸೀ’ ಎಂಬ ಎರಡಕ್ಷರಕ್ಕೆ ಇಳಿದುಬಿಡುತ್ತದೆ. ನೀನು-ನೀವುಗಳ ಲೆಕ್ಕದಲ್ಲಿ ಬೆಳೆದ ನನಗೆ ಇದೊಂದು ಬಿಡುಗಡೆ ಅನ್ನಿಸಿತ್ತು.

ಲಿಸ್ಬನ್ನಿನಲ್ಲಿ ಲೆಕ್ಕ ಮತ್ತೆ ಶುರುವಾಯಿತು. ಇಲ್ಲಿ ಆಪ್ತರಿಗೆ ‘ತು’, ಗೌರವಕ್ಕೆ ಸೆನ್ಯೋರ. ನಡುವೆ ಸಿಕ್ಕಿಕೊಂಡ ವೊಸೆ ಕೆಲವರ ಕಿವಿಗೆ ಒರಟು. ವಿಚಿತ್ರವೆಂದರೆ ಅದು ಹುಟ್ಟಿದ್ದೇ ಗೌರವದಿಂದ. ‘ವೊಸ ಮೆರ್ಸೆ’, ಅಂದರೆ ‘ತಮ್ಮ ಕೃಪೆ’, ಬಾಯಿಂದ ಬಾಯಿಗೆ ಸವೆದು ವೊಸೆ ಆಯಿತು. ‘ಕೃಪೆ ಬರುತ್ತದೆ’ ಎನ್ನುವಂತೆ ಅದರ ಕ್ರಿಯಾಪದ ಇಂದಿಗೂ ಪ್ರಥಮ ಪುರುಷದಲ್ಲೇ ಇದೆ.

ಮನೆ ಓನರ್ ಆಂಟಿಗೆ ‘ಬಸ್ಸಲ್ಲಿ ಬರ್ತೀರಾ?’ ಎಂದು ಮೆಸೇಜ್ ಕಳಿಸಬೇಕು ಅನ್ನಿ. ಗೆಳತಿಯಾದರೆ ‘ವೊಸೆ ವೇಂ ಜಿ ಓನಿಬುಸ್?’ ಅಂತಾಳೆ. ಲಿಸ್ಬನ್ನಿನ ಸಹಪಾಠಿ ತನ್ನ ಗೆಳೆಯನಿಗೆ ‘ವೈಂಶ್ ದ್ ಔಟುಕಾರು?’ ಅಂತಾನೆ. ಬಸ್ಸಿಗೆ ಓನಿಬುಸ್ ಎಂದರೂ ಇಲ್ಲಿಯವರಿಗೆ ಗೊತ್ತಾಗುತ್ತದೆ. ಬ್ರೆಜಿಲ್‌ನ ಧಾರಾವಾಹಿ ನೋಡಿ ಬೆಳೆದವರು. ತೊಡಕಿರುವುದು ವೊಸೆಯಲ್ಲಿ. ಅದಕ್ಕೆ ಇಲ್ಲಿಯವರ ಉಪಾಯ ಸರ್ವನಾಮವನ್ನೇ ನುಂಗಿಬಿಡುವುದು: ‘ವೈಂ ದ್ ಔಟುಕಾರು?’ ಕ್ರಿಯಾಪದ ವೊಸೆಯದೇ, ಪದ ಮಾತ್ರ ಕಾಣಿಸದು. ವಯಸ್ಸಿನಲ್ಲಿ ಕಿರಿಯಳಾದ ಅತ್ತಿಗೆಗೆ ನೀನೋ ನೀವೋ ತಿಳಿಯದೆ ನಾವು ‘ಊಟ ಆಯ್ತಾ?’ ಎಂದು ಜಾರಿಕೊಳ್ಳುವುದಿಲ್ಲವೇ, ಹಾಗೆ.

ಇನ್ನೊಂದು ದಾರಿ, ಹೆಸರು ಹಿಡಿಯುವುದು. ಎದುರಿಗೇ ಕೂತ ಮರಿಯಾಳನ್ನು ‘ಮರಿಯಾಗೆ ಕಾಫಿ ಬೇಕಾ?’ ಎಂದು ಕೇಳುತ್ತಾರೆ. ಮೊದಲ ಸಲ ಕೇಳಿದಾಗ ಕೋಣೆಯಲ್ಲಿ ಇನ್ನೊಬ್ಬ ಮರಿಯಾ ಇದ್ದಾಳೇನೋ ಎಂದು ನೋಡಿದೆ.

ಪದಗಳಲ್ಲೂ ಬಲೆಗಳಿಲ್ಲದಿಲ್ಲ. ಇಲ್ಲಿ ‘ಪ್ರೊಪಿನ’ ಎಂದರೆ ಕಾಲೇಜಿನ ಫೀಸು, ಬ್ರೆಜಿಲ್‌ನಲ್ಲಿ ಲಂಚ. ಪ್ರೊಪಿನ ಕಟ್ಟಿದೆ ಎಂಬ ಸಹಪಾಠಿಯ ಸಂದೇಶವನ್ನು ಗೆಳತಿಗೆ ತೋರಿಸಿದರೆ, ‘ಯಾರಿಗೆ?’ ಅಂದಳು. ಅಂಥದ್ದನ್ನು ಒಂದು ಮಾತಲ್ಲಿ ತಿಳಿಸಿ ನಗಬಹುದು. ವೊಸೆ ತಾಗಿದರೆ ಯಾರೂ ಹೇಳುವುದಿಲ್ಲ, ಉತ್ತರ ಮಾತ್ರ ಮೊಟಕಾಗುತ್ತದೆ.

ಹಾಗಂತ ಇದು ಎಲ್ಲೆಡೆಯ ನಿಯಮವಲ್ಲ. ಬ್ರೆಜಿಲ್‌ನ ಪೋರ್ತು ಅಲೆಗ್ರೆಯಲ್ಲಿ ‘ತು’ ಧಾರಾಳ, ಆದರೆ ಅದಕ್ಕೆ ವೊಸೆಯ ಕ್ರಿಯಾಪದ ಅಂಟಿಸುತ್ತಾರೆ. ಪೋರ್ಚುಗಲ್ಲಿನಲ್ಲೂ ಮಕ್ಕಳನ್ನು ವೊಸೆ ಎನ್ನುವ ಸಿರಿವಂತ ಮನೆಗಳಿವೆ.

‘ತು’ ಅನ್ನಲು ಇಲ್ಲಿ ಹಿರಿಯರೇ ಒಪ್ಪಿಗೆ ಕೊಡಬೇಕು. ಐದು ತಿಂಗಳ ಮೇಲೆ ಆಂಟಿ, ನಲ್ಲಿ ರಿಪೇರಿಯ ವಿಚಾರದ ನಡುವೆ, ‘ನನ್ನನ್ನು ತು ಅನ್ನಬಹುದು’ ಎಂದು ಬರೆದರು. ಅವರು ಎಷ್ಟು ಹೊತ್ತಿಗೆ ಬರುತ್ತಾರೆಂದು ಕೇಳಲು ‘ವೈಂ’ ಎಂದು ಟೈಪ್ ಮಾಡಿದ್ದವಳು ಅಳಿಸಿ, ‘ವೈಂಶ್’ ಎಂದು ಬರೆದೆ.