ಕೆಂಪೋ, ಕಪ್ಪೋ?

ಕೆಲವು ತಿಂಗಳಿಂದ ನಾನೂ ನನ್ನ ಚಿಕ್ಕಪ್ಪನ ಮಗನೂ ಫೋನಿನಲ್ಲಿ ಬಾಂಬ್ ಬಿಚ್ಚುತ್ತಿದ್ದೇವೆ. ಹೆದರಬೇಡಿ, ಇದು ಬರೀ ಆಟ. ಹೆಸರು ‘ಕೀಪ್ ಟಾಕಿಂಗ್ ಅಂಡ್ ನೋಬಡಿ ಎಕ್ಸ್‌ಪ್ಲೋಡ್ಸ್’. ಕೆನಡಾದ ಸ್ಟೀಲ್ ಕ್ರೇಟ್ ಗೇಮ್ಸ್ 2015ರಲ್ಲಿ ಹೊರತಂದದ್ದು. ತಮ್ಮ ತಿರುಪ್ಪೂರಿನ ಬನಿಯನ್ ಕಂಪನಿಯಲ್ಲಿ ಕೆಲಸಕ್ಕಿದ್ದಾನೆ, ನಾನು ಕೊಯಮತ್ತೂರಿನಲ್ಲಿ. ಮೊದಲೆಲ್ಲ ಕರೆ ಮಾಡಿದರೆ “ಊಟ ಆಯ್ತಾ?”, “ಆಯ್ತಣ್ಣ” ಎನ್ನುವಷ್ಟರಲ್ಲಿ ಮಾತು ಮುಗಿಯುತ್ತಿತ್ತು. ಈಗ ಹಾಗೆ ಮುಗಿಸಲು ಆಗುವುದಿಲ್ಲ. ಮಾತು ನಿಂತರೆ ಬಾಂಬ್ ಸಿಡಿಯುತ್ತದೆ.

ಬಾಂಬ್ ಇರುವುದು ಅವನ ಲ್ಯಾಪ್‌ಟಾಪಿನಲ್ಲಿ. ಅದನ್ನು ಬಿಚ್ಚುವ ಕೈಪಿಡಿ ಇರುವುದು ನನ್ನ ಬಳಿ. ಅವನು ಕೈಪಿಡಿ ನೋಡಬಾರದು, ನಾನು ಅವನ ಪರದೆ ನೋಡಬಾರದು. ಹಾಗಾಗಿ ವಿಡಿಯೋ ಕರೆ ಬೇಡ, ಧ್ವನಿ ಸಾಕು. ಆಟವನ್ನು ಒಬ್ಬರು ಕೊಂಡರೆ ಸಾಕು. 23 ಪುಟಗಳ ಇಂಗ್ಲಿಷ್ ಕೈಪಿಡಿ bombmanual.com ನಲ್ಲಿ ಉಚಿತವಾಗಿ ಸಿಗುತ್ತದೆ. ಮೊದಲ ಬಾಂಬಿಗೆ 5 ನಿಮಿಷ. ಒಂದು ತಪ್ಪಾದರೆ ಗಡಿಯಾರ ವೇಗವಾಗಿ ಓಡತೊಡಗುತ್ತದೆ. ಮೂರನೆಯ ತಪ್ಪಿಗೆ ಎಲ್ಲ ಮುಗಿಯಿತು.

ಎಲ್ಲಕ್ಕಿಂತ ಸುಲಭವೆಂದು ಕಾಣುವುದು ತಂತಿಗಳ ಒಗಟು. ಮೂರು ತಂತಿಗಳಿದ್ದರೆ ಕೈಪಿಡಿ ಹೀಗೆ ಹೇಳುತ್ತದೆ: ಕೆಂಪು ತಂತಿಯೇ ಇಲ್ಲದಿದ್ದರೆ ಎರಡನೆಯದನ್ನು ಕತ್ತರಿಸು. ಕೆಂಪು ಇದ್ದು, ಕೊನೆಯ ತಂತಿ ಬಿಳಿಯಾಗಿದ್ದರೆ ಕೊನೆಯದನ್ನು ಕತ್ತರಿಸು. ಅದೂ ಅಲ್ಲ, ನೀಲಿ ಒಂದಕ್ಕಿಂತ ಹೆಚ್ಚಿದ್ದರೆ ಕೊನೆಯ ನೀಲಿಯನ್ನು ಕತ್ತರಿಸು. ಇದಾವುದೂ ಅಲ್ಲದಿದ್ದರೆ ಕೊನೆಯ ತಂತಿ. ಸಾಲುಗಳನ್ನು ಮೇಲಿನಿಂದ ಒಂದೊಂದಾಗಿಯೇ ಓದಬೇಕು. ಮೊದಲು ಹೊಂದಿದ ಸಾಲೇ ಉತ್ತರ.

ಒಂದು ರಾತ್ರಿ ಅವನು ಹೇಳಿದ್ದು “ಹಳದಿ, ನೀಲಿ, ಕಪ್ಪು”. ಕೆಂಪು ಇಲ್ಲ, ಆದ್ದರಿಂದ ಎರಡನೆಯದು. ಆದರೆ ಲೈನ್ ಕರಕರ ಎನ್ನುತ್ತಿತ್ತು. ನನ್ನ ಕಿವಿಗೆ ಬಿದ್ದದ್ದು “ಹಳದಿ, ನೀಲಿ, ಕೆಂಪು”. ಕೆಂಪಿದೆ, ಕೊನೆಯದು ಬಿಳಿಯಲ್ಲ, ನೀಲಿ ಒಂದೇ, ಹಾಗಾದರೆ ಮೂರನೆಯದು. ನಾನು “ಮೂರು” ಎಂದೆ, ಅವನು ಕತ್ತರಿಸಿದ, ಬಾಂಬ್ ಗುರ್ ಎಂದಿತು. ಕೆಟ್ಟ ಲೈನಿನಲ್ಲಿ ಕೆಂಪು, ಕಪ್ಪು ಎರಡೂ ಒಂದೇ ಹಾಗೆ ಕೇಳುತ್ತವೆ. ನಮ್ಮದೋ ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತಮಿಳು. ಅಂದಿನಿಂದ ಕೆಂಪಿಗೆ ‘ಸಿವಪ್ಪು’ ಎನ್ನುತ್ತೇವೆ, ಕಪ್ಪು ಕಪ್ಪಾಗಿಯೇ ಉಳಿದಿದೆ. ಆಮೇಲೆ ಆ ಗೊಂದಲ ಬಂದಿಲ್ಲ.

ಇನ್ನೊಂದು ಗುಂಡಿ ‘ಕೊನೆಯದು’ ಎಂಬ ಪದದಲ್ಲಿದೆ. ತಂತಿಗಳು ನೀಲಿ, ನೀಲಿ, ಕೆಂಪು ಎಂದುಕೊಳ್ಳಿ. ಉತ್ತರ ಕೊನೆಯ ನೀಲಿ, ಅಂದರೆ ಎರಡನೆಯ ತಂತಿ. ಅವಸರದಲ್ಲಿ “ಕೊನೆಯದು” ಎಂದಷ್ಟೇ ಹೇಳಿದರೆ ಅತ್ತಕಡೆಯವರು ಮೂರನೆಯದಕ್ಕೆ ಕೈ ಹಾಕುತ್ತಾರೆ. ಆದ್ದರಿಂದ ನಮ್ಮ ನಿಯಮ ಇದು: ಅವನು ಮೊದಲು ತಂತಿ ಎಷ್ಟೆಂದು ಹೇಳಬೇಕು, ಆಮೇಲೆ ಮೇಲಿನಿಂದ ಬಣ್ಣ. ನಾನು ಸಂಖ್ಯೆಯನ್ನೂ ಬಣ್ಣವನ್ನೂ ಸೇರಿಸಿ ಹೇಳಬೇಕು. ಅವನು “ಎರಡನೆಯದು, ನೀಲಿ, ಕತ್ತರಿಸಲಾ ಅಣ್ಣ?” ಎಂದು ಕೇಳಬೇಕು. ನಾನು “ಹೂಂ” ಎಂದ ಮೇಲೆಯೇ ಕತ್ತರಿ. ಇದಕ್ಕೆ ನಾಲ್ಕೈದು ಸೆಕೆಂಡು ಹೋಗುತ್ತದೆ, ಆದರೆ ಒಂದು ತಪ್ಪು ತಿನ್ನುವ ಸಮಯ ಅದಕ್ಕಿಂತ ಹೆಚ್ಚು.

ಚಿಹ್ನೆಗಳ ಒಗಟಿನಲ್ಲಿ ಹೆಸರೇ ಇಲ್ಲದ ಆಕಾರಗಳು ಬರುತ್ತವೆ. ನಾಲ್ಕು ಗುಂಡಿಗಳ ಮೇಲೆ ನಾಲ್ಕು ಚಿಹ್ನೆ. ಕೈಪಿಡಿಯ ಆರು ಸಾಲುಗಂಬಗಳಲ್ಲಿ ಆ ನಾಲ್ಕೂ ಇರುವ ಒಂದನ್ನು ಹುಡುಕಿ, ಅದರಲ್ಲಿ ಮೇಲಿನಿಂದ ಕೆಳಗೆ ಬರುವ ಕ್ರಮದಲ್ಲಿ ಒತ್ತಿಸಬೇಕು. Ψ ನಮಗೆ ತ್ರಿಶೂಲ, Ω ಕುದುರೆ ಲಾಳ. “ನಕ್ಷತ್ರ” ಎಂದರೆ ಮಾತ್ರ ಸಾಲದು, ಯಾಕೆಂದರೆ ಒಳಗೆ ತುಂಬಿದ ★ ಮತ್ತು ಖಾಲಿ ☆ ಬೇರೆ ಬೇರೆ ಕಂಬಗಳಲ್ಲಿವೆ. “ತುಂಬಿದೆಯೋ, ಖಾಲಿಯೋ?” ಎಂದು ನಾನೇ ಕೇಳಬೇಕು. ನೋಡುವವನಿಗೆ ಕಾಣುವುದು ಒಂದೇ ನಕ್ಷತ್ರ, ಎರಡು ಬಗೆಯಿದೆ ಎಂಬುದು ಗೊತ್ತಿರುವುದು ಕೈಪಿಡಿ ಹಿಡಿದವನಿಗೆ ಮಾತ್ರ.

ಈ ಅಭ್ಯಾಸ ಆಟದಾಚೆಗೂ ಬಂತು. ಮೊನ್ನೆ ಬಾಂಬ್ ಬಿಚ್ಚಿಯಾದ ಮೇಲೆ “ಚೆನ್ನಾಗಿದೀಯಾ?” ಎಂದೆ. “ಚೆನ್ನಾಗಿದೀನಣ್ಣ” ಎಂದ. “ಈ ವಾರ ಎಷ್ಟು ರಾತ್ರಿ ಪಾಳಿ?” ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು “ಆರು” ಎಂದ. ಆಮೇಲೆ ಒಂದು ಗಂಟೆ ಮಾತಾಡಿದೆವು, ಗಡಿಯಾರ ಇಲ್ಲದೆ.