ಕೊರಕಲು ಡೈರಿ – 4: ಹೂಳಿನ ಲೆಕ್ಕ

ದಾಸನದೊಡ್ಡಿ ಕಾಮೇಗೌಡರು ಕಟ್ಟೆ ತೋಡಿದ ಕುಂದಿನಿಬೆಟ್ಟ ಗೊತ್ತಲ್ವಾ? ನಮ್ಮ ಮಳವಳ್ಳಿ ಕಡೆ ಅಂಥ ಇಳಿಜಾರಲ್ಲಿ ಕೊರಕಲನ್ನ ಹಾಗೇ ಬಿಟ್ಟರೆ ಕೆಳಗಿನ ಕಟ್ಟೆ ತುಂಬೋದು ಹೂಳಿಂದ. ಅದಕ್ಕೇ ಮೇಲಿಂದ ಸಾಲಾಗಿ ಕಲ್ಲಿನ ಚೆಕ್ ಡ್ಯಾಮ್.

ಎಷ್ಟು ದೂರಕ್ಕೊಂದು? ತಳ 100 ಮೀಟರಿಗೆ 8 ಮೀಟರ್ ಇಳಿಯುತ್ತೆ, ತಡೆ 1 ಮೀಟರ್ ಎತ್ತರ ಅನ್ಕೊಳ್ಳಿ. ಹೂಳು ಪೂರ್ತಿ ಮಟ್ಟವಾಗಿ ಕೂರಲ್ಲ ಗುರು, ಅದಕ್ಕೂ ಇಳಿಜಾರಿರುತ್ತೆ. ಅದು 3 ಅಂತ ಹಿಡಿದರೆ ಉಳಿಯೋದು 5, ಅಂದ್ರೆ 20 ಮೀಟರಿಗೊಂದು ತಡೆ.

ಹಿಂದೆ ನಿಲ್ಲೋ ಹೂಳು ಬೆಣೆಯಾಕಾರ. ಕೊರಕಲು 2 ಮೀಟರ್ ಅಗಲದ ಪೆಟ್ಟಿಗೆ ಥರ ಇದ್ರೆ 20 ಘನ ಮೀಟರ್ ಹಿಡಿಯುತ್ತೆ. ತಳ ಚೂಪಾಗಿದ್ರೆ? ಅದರ ಮೂರನೇ ಒಂದು ಪಾಲು, 7ಕ್ಕೂ ಕಮ್ಮಿ. ನಾನು ಟೇಪ್ ಹಿಡಿದು ಇಳಿದದ್ದು ಚೂಪು ತಳದ ಕೊರಕಲಿಗೇ.

ತಡೆಯ ನಡುಭಾಗ ತಗ್ಗಾಗಿರಲಿ, ಇಲ್ಲಾಂದ್ರೆ ನೀರು ಪಕ್ಕದ ದಡ ಕೊರೆದು ನುಗ್ಗುತ್ತೆ.