ಏಳನೇ ಷರತ್ತು: ‘ವಾಸಕ್ಕೆ ಮಾತ್ರ’

ಬೆಸೆಂಟ್ ನಗರದ ಬಾಡಿಗೆ ಫ್ಲ್ಯಾಟೊಂದರಲ್ಲಿ ಆರು ವರ್ಷಗಳಿಂದ ಇರುವ ನನ್ನ ಅಣ್ಣ–ಅತ್ತಿಗೆಗೆ ಕಳೆದ ವರ್ಷ ಮನೆ ಮಾಲೀಕರ ವಕೀಲರಿಂದ ನೋಟಿಸ್ ಬಂತು. ಎರಡು ಪುಟದ ನೋಟಿಸಿನ ಸಾರ ಇಷ್ಟು: ಬಾಡಿಗೆ ಕರಾರಿನ ಏಳನೇ ಷರತ್ತಿನ ಪ್ರಕಾರ ಮನೆಯನ್ನು ವಾಸಕ್ಕೆ ಮಾತ್ರ ಬಳಸಬೇಕು, ನೀವು ಅಲ್ಲಿ ಮಸಾಲೆ ಪುಡಿಯ ವ್ಯಾಪಾರ ನಡೆಸುತ್ತಿದ್ದೀರಿ, ಹದಿನೈದು ದಿನದಲ್ಲಿ ನಿಲ್ಲಿಸಿ, ಮೂವತ್ತು ದಿನದಲ್ಲಿ ಮನೆ ಖಾಲಿ ಮಾಡಿ.

ನಾನು ಇದೇ ಊರಿನಲ್ಲಿ ವಕೀಲಿಕೆ ಮಾಡುವವಳು. ಇಂಥ ನೋಟಿಸುಗಳನ್ನು ಮಾಲೀಕರ ಪರವಾಗಿ ನಾನೂ ಬರೆದಿದ್ದೇನೆ. ಆದರೆ ಅತ್ತಿಗೆಯ ಅಡುಗೆಮನೆಯ ಸಂಪಾದನೆಯಲ್ಲೇ ಅವರ ಮಗನ ಇಂಜಿನಿಯರಿಂಗ್ ಫೀಸು ಹೋಗುತ್ತಿದೆ ಎನ್ನುವುದು ಗೊತ್ತಿದ್ದರಿಂದ ಈ ಕಾಗದವನ್ನು ಬೇರೆ ಕಣ್ಣಿನಿಂದ ಓದಬೇಕಾಯಿತು. ಫ್ಲ್ಯಾಟಿನಿಂದಲೇ ಟ್ಯೂಷನ್, ಬೇಕಿಂಗ್, ಸೀರೆ ವ್ಯಾಪಾರ ಮಾಡುವ ನಮ್ಮವರು ಎಲ್ಲ ಮಹಾನಗರಗಳಲ್ಲೂ ಇದ್ದಾರೆ. ಅದಕ್ಕೇ ಈ ನೋಟಿಸನ್ನು ಹೇಗೆ ಓದಿದೆವು, ಏನು ಉತ್ತರ ಕೊಟ್ಟೆವು ಎಂಬುದನ್ನು ಬರೆಯುತ್ತಿದ್ದೇನೆ.

ಅತ್ತಿಗೆ ಶುರು ಮಾಡಿದ್ದು ಪರಿಚಯದವರಿಗೆ ಅರ್ಧ ಕಿಲೋ, ಒಂದು ಕಿಲೋ ಹುಳಿ ಪುಡಿ, ಸಾರಿನ ಪುಡಿ ಮಾಡಿಕೊಡುವುದರಿಂದ. ಆಮೇಲೆ ಚಟ್ನಿ ಪುಡಿ ಸೇರಿತು, ಹಬ್ಬದ ದಿನಗಳಲ್ಲಿ ಕೋಡುಬಳೆ ಸೇರಿತು. ನೋಟಿಸ್ ಬರುವ ಹೊತ್ತಿಗೆ ಹಿಂದಿನ ಬಾಲ್ಕನಿಯಲ್ಲಿ ಪುಡಿ ಮಾಡುವ ಒಂದು ಯಂತ್ರ ಕೂತಿತ್ತು. ಸಹಾಯಕ್ಕೆ ಇಬ್ಬರು ಹೆಂಗಸರು ದಿನಾ ಬರುತ್ತಿದ್ದರು. ಆಹಾರ ಸುರಕ್ಷತಾ ಪ್ರಾಧಿಕಾರದ ನೋಂದಣಿ ಮಾಡಿಸಿದ್ದರು. ನಿಯಮದಂತೆ ಪ್ರತಿ ಪೊಟ್ಟಣದ ಮೇಲೂ ನೋಂದಣಿ ಸಂಖ್ಯೆ ಮತ್ತು ತಯಾರಿಸುವವರ ವಿಳಾಸ ಇರುತ್ತಿತ್ತು. ಆ ವಿಳಾಸ ಇದೇ ಫ್ಲ್ಯಾಟಿನದು. ನೋಟಿಸಿನ ಜೊತೆ ಲಗತ್ತಿಸಿದ್ದ ಮೊದಲ ಸಾಕ್ಷ್ಯ ಅಂಥದೇ ಒಂದು ಪೊಟ್ಟಣದ ಫೋಟೋ.

“ಅವರ ಮೊಮ್ಮಗನ ನಾಮಕರಣಕ್ಕೆ ಎರಡು ಕಿಲೋ ಕೋಡುಬಳೆ ನನ್ನ ಹತ್ತಿರವೇ ಮಾಡಿಸಿಕೊಂಡು ಹೋಗಿದ್ದರಲ್ಲೇ! ಆಗ ಗೊತ್ತಿರಲಿಲ್ಲವಂತಾ ವ್ಯಾಪಾರ ಅಂತ?” ಎಂದು ಅತ್ತಿಗೆ ಕೇಳಿದರು. ನ್ಯಾಯವಾದ ಪ್ರಶ್ನೆ. ಆದರೆ ಕಾನೂನಿನಲ್ಲಿ ಮಾಲೀಕರಿಗೆ ಗೊತ್ತಿರುವುದು ಬೇರೆ, ಮಾಲೀಕರು ಬರಹದಲ್ಲಿ ಒಪ್ಪುವುದು ಬೇರೆ. ಇಡೀ ವಿಷಯ ನಿಲ್ಲುವುದು ಈ ವ್ಯತ್ಯಾಸದ ಮೇಲೆ.

ಇದಕ್ಕೆ ಸುಪ್ರೀಂ ಕೋರ್ಟಿನ ಎರಡು ತೀರ್ಪುಗಳನ್ನು ಪಕ್ಕಪಕ್ಕ ಇಟ್ಟು ನೋಡಬೇಕು. 1961ರ ಗೋಪಾಲ್ ದಾಸ್ ವರ್ಮಾ ಪ್ರಕರಣದಲ್ಲಿ ದೆಹಲಿಯ ಒಬ್ಬ ಕಿವಿ–ಮೂಗು–ಗಂಟಲಿನ ವೈದ್ಯರು ಬಾಡಿಗೆ ಮನೆಯಲ್ಲಿ ವಾಸವಾಗಿದ್ದುಕೊಂಡೇ ರೋಗಿಗಳನ್ನೂ ನೋಡುತ್ತಿದ್ದರು. ಅದಕ್ಕೆ ಮಾಲೀಕರ ಒಪ್ಪಿಗೆ ಇತ್ತು. ಹಾಗಾಗಿ ಆ ಮನೆಯನ್ನು ಬರೀ ವಾಸಕ್ಕೆ ಕೊಟ್ಟದ್ದು ಎನ್ನಲಾಗದು ಎಂದು ಕೋರ್ಟ್ ಬಾಡಿಗೆದಾರರ ಪರವಾಗಿ ಹೇಳಿತು. ಮೂರು ದಶಕದ ನಂತರ ಬಂದ ಬಿಶಂಬರ್ ದಾಸ್ ಕೊಹ್ಲಿ ಮತ್ತು ಸತ್ಯಾ ಭಲ್ಲಾ ನಡುವಿನ ಪ್ರಕರಣ ಇದಕ್ಕೆ ತದ್ವಿರುದ್ಧ. ಅಲ್ಲಿ ವಾಸಕ್ಕೆಂದು ಪಡೆದ ಮನೆಯ ಒಂದು ಭಾಗದಲ್ಲಿ ಬಾಡಿಗೆದಾರಳ ಗಂಡ ವಕೀಲರ ಕಚೇರಿ ಮಾಡಿಕೊಂಡಿದ್ದರು. ಮಾಲೀಕರ ಲಿಖಿತ ಒಪ್ಪಿಗೆ ಇರಲಿಲ್ಲ. ಪಂಜಾಬಿನ ಬಾಡಿಗೆ ಕಾಯ್ದೆಯಡಿ ಅದು ಬಳಕೆಯ ಬದಲಾವಣೆ, ಮನೆ ಬಿಡಿಸಬಹುದು ಎಂದು ಕೋರ್ಟ್ ತೀರ್ಮಾನಿಸಿತು. ಒಂದೆಡೆ ಡಾಕ್ಟರ ಕೋಣೆ, ಇನ್ನೊಂದೆಡೆ ವಕೀಲರ ಕೋಣೆ. ಎರಡೂ ಮನೆಯೊಳಗಿನ ಕೆಲಸವೇ. ಕಾಯ್ದೆ ಬೇರೆ, ಕೇಳಿದ ಪ್ರಶ್ನೆಯೂ ಬೇರೆ, ನಿಜ. ಆದರೂ ಎರಡರಲ್ಲೂ ತಕ್ಕಡಿ ಯಾವ ಕಡೆ ವಾಲಬೇಕೆಂದು ಹೇಳಿದ್ದು ಒಪ್ಪಿಗೆಯೇ.

ತಮಿಳುನಾಡಿನಲ್ಲಿ ಈಗ ನಡೆಯುವುದು 2017ರ ಬಾಡಿಗೆ ಕಾಯ್ದೆ. ಜಾರಿಗೆ ಬಂದದ್ದು 2019ರ ಫೆಬ್ರವರಿಯಲ್ಲಿ. ಅದಕ್ಕೆ ಹಿಂದಿದ್ದ 1960ರ ಕಾಯ್ದೆಯಲ್ಲಿ, ಲಿಖಿತ ಒಪ್ಪಿಗೆ ಇಲ್ಲದೆ ಕೊಟ್ಟ ಉದ್ದೇಶ ಬಿಟ್ಟು ಬೇರೆಯದಕ್ಕೆ ಬಳಸಿದರೆ ಅಷ್ಟೇ ಮನೆ ಬಿಡಿಸಲು ಸಾಕಾಗುತ್ತಿತ್ತು. ಹೊಸ ಕಾಯ್ದೆಯ 21ನೇ ಕಲಮಿನ ಮಾತು ಬೇರೆ. ದುರ್ಬಳಕೆ ನಿಲ್ಲಿಸಿ ಎಂದು ಮಾಲೀಕರು ನೋಟಿಸ್ ಕೊಡಬೇಕು; ಅದು ಕೈಸೇರಿದ ಮೇಲೂ ಬಾಡಿಗೆದಾರ ಮುಂದುವರಿಸಿರಬೇಕು. ಆಗ ಮಾತ್ರ ಮಾಲೀಕರು ಬಾಡಿಗೆ ನ್ಯಾಯಾಲಯಕ್ಕೆ ಅರ್ಜಿ ಹಾಕಬಹುದು. ದುರ್ಬಳಕೆ ಎಂದರೇನು ಎಂಬುದಕ್ಕೂ ವಿವರಣೆ ಇದೆ: ಹೆಚ್ಚುವರಿ ಜಾಗ ಒತ್ತುವರಿ ಮಾಡುವುದು, ಸಾರ್ವಜನಿಕರಿಗೆ ಉಪದ್ರವ ಕೊಡುವುದು, ಕಟ್ಟಡಕ್ಕೆ ಹಾನಿ ಮಾಡುವುದು, ಮಾಲೀಕರ ಹಿತಕ್ಕೆ ಧಕ್ಕೆ ತರುವುದು, ಅನೈತಿಕ ಅಥವಾ ಕಾನೂನುಬಾಹಿರ ಕೆಲಸಕ್ಕೆ ಬಳಸುವುದು.

ಅಂದರೆ ಅತ್ತಿಗೆಗೆ ಬಂದ ನೋಟಿಸಿನಲ್ಲಿ ಎರಡು ಬೇಡಿಕೆಗಳು ಒಟ್ಟಿಗೆ ಕಟ್ಟಿಕೊಂಡಿದ್ದವು. ‘ನಿಲ್ಲಿಸಿ’ ಎನ್ನುವುದಕ್ಕೆ ಕಾಯ್ದೆಯ ಬಲ ಇತ್ತು. ‘ಖಾಲಿ ಮಾಡಿ’ ಎನ್ನುವುದು ಆ ಹಂತದಲ್ಲಿ ಮಾಲೀಕರ ಇಚ್ಛೆ ಮಾತ್ರ. ನೋಟಿಸ್ ಆದೇಶ ಅಲ್ಲ. ಆದೇಶ ಕೊಡುವುದು ನ್ಯಾಯಾಲಯ. ಅಲ್ಲಿಯವರೆಗೆ ನೀರು, ಕರೆಂಟು ನಿಲ್ಲಿಸುವುದಕ್ಕೂ ಇದೇ ಕಾಯ್ದೆಯಲ್ಲಿ ನಿಷೇಧವಿದೆ.

ಅಣ್ಣ ಕರಾರನ್ನು ಬಾಡಿಗೆ ಪ್ರಾಧಿಕಾರದಲ್ಲಿ ನೋಂದಾಯಿಸಿದ್ದ. ಅದು ದೊಡ್ಡ ಅನುಕೂಲವಾಯಿತು. ಹನ್ನೊಂದು ತಿಂಗಳ ಕರಾರಿಗೆ ನೋಂದಣಿ ಬೇಡ ಎಂದು ಇಂದಿಗೂ ಬ್ರೋಕರುಗಳು ಹೇಳುತ್ತಾರೆ. ಈ ಕಾಯ್ದೆ ಬಂದ ಮೇಲೆ ಆ ಮಾತು ನಡೆಯದು. ಕಾಯ್ದೆಯ ಪ್ರಕಾರ ಕರಾರು ಮಾಡಿಕೊಳ್ಳದೆ ಇರುವುದೂ ಮನೆ ಬಿಡಿಸಲು ಒಂದು ಪ್ರತ್ಯೇಕ ಕಾರಣ. ನೋಂದಣಿ ಇಲ್ಲದಿದ್ದರೆ ಮಾಲೀಕರು ಪುಡಿಯ ವಿಷಯವನ್ನೇ ಎತ್ತದೆ ಆ ಬಾಗಿಲಿನಿಂದ ಬರುವ ಅಪಾಯ ಇರುತ್ತಿತ್ತು.

ಇನ್ನು ಮಾಲೀಕರ ಹಿತಕ್ಕೆ ಧಕ್ಕೆ ಎನ್ನುವ ಮಾತು. ವಾಸದ ಷರತ್ತಿನ ವಾದ ಬಂದು ಕೂರುವುದು ಇಲ್ಲೇ. ನೋಟಿಸಿನಲ್ಲಿ ನಾಲ್ಕು ಆರೋಪಗಳಿದ್ದವು: ಡೆಲಿವರಿ ಹುಡುಗರ ಓಡಾಟ, ಘಾಟು, ಯಂತ್ರದ ಸದ್ದು, ಮನೆಯ ದರದ ವಿದ್ಯುತ್ತನ್ನು ವ್ಯಾಪಾರಕ್ಕೆ ಬಳಸುವುದು. ಮೊದಲ ಮೂರಕ್ಕೆ ಉತ್ತರ ಹೇಳಬಹುದಿತ್ತು. ಡೆಲಿವರಿಯವರು ಬಾರದ ಮನೆ ಈಗ ಯಾವುದಿದೆ? ಒಗ್ಗರಣೆಯ ಘಾಟು ಎಲ್ಲ ಅಡುಗೆಮನೆಯಿಂದಲೂ ಬರುತ್ತದೆ. ನಾಲ್ಕನೆಯದು ಮಾತ್ರ ಗಟ್ಟಿ.

ಅದು ಯಾಕೆಂದರೆ, ವಿದ್ಯುತ್ ಸಂಪರ್ಕ ಇರುವುದು ಮಾಲೀಕರ ಹೆಸರಿನಲ್ಲಿ. 2003ರ ವಿದ್ಯುತ್ ಕಾಯ್ದೆಯ 126ನೇ ಕಲಮಿನ ಪ್ರಕಾರ ಮಂಜೂರಾದ ಉದ್ದೇಶ ಬಿಟ್ಟು ಬೇರೆಯದಕ್ಕೆ ವಿದ್ಯುತ್ ಬಳಸಿದರೆ ಅದು ಅನಧಿಕೃತ ಬಳಕೆ. ಅನ್ವಯವಾಗುವ ದರದ ಎರಡು ಪಟ್ಟು ಲೆಕ್ಕ ಹಾಕುತ್ತಾರೆ, ಎಂದಿನಿಂದ ಎಂದು ಗೊತ್ತಾಗದಿದ್ದರೆ ಹಿಂದಿನ 12 ತಿಂಗಳಿಗೂ ಹಾಕಬಹುದು. ತಮಿಳುನಾಡಿನ ದರಪಟ್ಟಿಯಲ್ಲಿ ವೃತ್ತಿಪರರಿಗೆ ಒಂದು ರಿಯಾಯಿತಿ ಇದೆ: ತಮ್ಮ ವಾಸದ ಮನೆಗೆ ಸೇರಿಕೊಂಡ, 200 ಚದರ ಅಡಿ ಮೀರದ ಸಲಹಾ ಕೋಣೆ ಇದ್ದರೆ ಅದು ಮನೆಯ ದರದಲ್ಲೇ ಬರುತ್ತದೆ. ವೈದ್ಯರಿಗೋ ಆಡಿಟರಿಗೋ ಇದು ಸಾಕು. ಪುಡಿ ಯಂತ್ರ ಈ ಸಾಲಿನಲ್ಲಿ ಹಿಡಿಸುವುದಿಲ್ಲ. ಮೀಟರ್ ರೀಡಿಂಗಿಗೆ ಬಂದವರು ಬಾಲ್ಕನಿಯ ಯಂತ್ರದ ಬಗ್ಗೆ ಕೇಳಿದ್ದರಂತೆ, ಅದು ಮಾಲೀಕರ ಕಿವಿಗೂ ಬಿದ್ದಿತ್ತು. ನೋಟಿಸಿನ ಹಿಂದೆ ದ್ವೇಷ ಇರಲಿಲ್ಲ, ದಂಡದ ಬಿಲ್ಲು ತಮ್ಮ ಹೆಸರಿಗೆ ಬಂದೀತೆಂಬ ಹೆದರಿಕೆ ಇತ್ತು. ಇದು ಗೊತ್ತಾದ ಮೇಲೆ ಉತ್ತರ ಬರೆಯುವುದು ಸುಲಭವಾಯಿತು.

ಗ್ಯಾಸಿನ ವಿಷಯ ನೋಟಿಸಿನಲ್ಲಿ ಇರಲಿಲ್ಲ. ಆದರೂ ನಾನು ಮೊದಲು ವಿಚಾರಿಸಿದ್ದು ಅದನ್ನೇ. ಮನೆಬಳಕೆಯ 14.2 ಕೆಜಿ ಸಿಲಿಂಡರಿನಲ್ಲಿ ಮಾರಾಟದ ಅಡುಗೆ ಮಾಡುವುದು ನಿಯಮಕ್ಕೆ ವಿರುದ್ಧ, ಅದು ‘ಕಾನೂನುಬಾಹಿರ ಕೆಲಸ’ ಎಂಬ ವಾದಕ್ಕೆ ದಾರಿ ಮಾಡಿಕೊಡುತ್ತದೆ. 19 ಕೆಜಿಯ ವಾಣಿಜ್ಯ ಸಿಲಿಂಡರ್ ತರಿಸಿದರೆ ಅದೇ ‘ಇಲ್ಲಿ ವ್ಯಾಪಾರ ನಡೆಯುತ್ತಿದೆ’ ಎಂದು ಸಾರಿ ಹೇಳುತ್ತದೆ. ಬಾಡಿಗೆ ಫ್ಲ್ಯಾಟಿನಲ್ಲಿ ತಿಂಡಿ ವ್ಯಾಪಾರ ಬೆಳೆದಂತೆ ಸಿಕ್ಕಿಬೀಳುವ ಇಕ್ಕಟ್ಟು ಇದು. ಅತ್ತಿಗೆ ಹುರಿಯುವುದಕ್ಕೆ ಇಂಡಕ್ಷನ್ ಒಲೆ ಬಳಸುತ್ತಿದ್ದರು, ಬಚಾವಾದೆವು; ಅದೂ ಕೊನೆಗೆ ಆ ವಿದ್ಯುತ್ ಲೆಕ್ಕಕ್ಕೇ ಹೋಗಿ ಸೇರುತ್ತಿತ್ತು ಅನ್ನಿ.

ಉತ್ತರವನ್ನು ಹನ್ನೊಂದನೇ ದಿನ ಕಳಿಸಿದೆವು. ಇಂಥ ಉತ್ತರದಲ್ಲಿ ‘ನಾವು ಏನೂ ಮಾಡುತ್ತಿಲ್ಲ’ ಎಂದು ಬರೆಯುವ ಚಾಳಿ ಇದೆ. ವಿಳಾಸವಿರುವ ಪೊಟ್ಟಣ ಎದುರಿಗಿರುವಾಗ ಅದನ್ನು ಬರೆದರೆ ಉಳಿದ ನಿಜಗಳನ್ನೂ ನ್ಯಾಯಾಲಯ ನಂಬುವುದಿಲ್ಲ. ನಾವು ಬರೆದದ್ದು ಮೂರು ವಿಷಯ. ಕುಟುಂಬ ಅಲ್ಲೇ ವಾಸವಿದೆ, ಬಾಡಿಗೆ ಒಂದು ತಿಂಗಳೂ ತಪ್ಪಿಲ್ಲ. ಪುಡಿಯ ಕೆಲಸ ಮಾಲೀಕರಿಗೆ ಮೊದಲಿನಿಂದ ತಿಳಿದಿದೆ. ಆಹಾರ ನೋಂದಣಿಗೆ ಬೇಕಾದ ವಿದ್ಯುತ್ ಬಿಲ್ಲಿನ ಪ್ರತಿಯನ್ನು ಅವರೇ ವಾಟ್ಸ್ಯಾಪಿನಲ್ಲಿ ಕಳಿಸಿದ್ದಾರೆ. ಆದರೂ ಅವರ ಆತಂಕ ನ್ಯಾಯವಾದದ್ದು, ಆದ್ದರಿಂದ ಯಂತ್ರವನ್ನು ಈ ತಾರೀಖಿನೊಳಗೆ ತೆಗೆಯುತ್ತೇವೆ, ಕೆಲಸದವರು ಬರುವುದು ನಿಲ್ಲುತ್ತದೆ, ನೋಂದಣಿ ವಿಳಾಸ ಬದಲಾಗುತ್ತದೆ. ತೆಗೆದ ದಿನ ಖಾಲಿ ಬಾಲ್ಕನಿಯ ಫೋಟೋ ತೆಗೆದು ಅವರ ವಕೀಲರಿಗೆ ಕಳಿಸಿದೆವು. ‘ನೋಟಿಸಿನ ನಂತರವೂ ಮುಂದುವರಿಸಿದ್ದಾರೆ’ ಎಂಬ ಮಾತಿಗೆ ಇನ್ನು ಆಧಾರ ಇರಲಿಲ್ಲ.

ವಾಟ್ಸ್ಯಾಪ್ ಸಂದೇಶವನ್ನು ನಾವು ಲಿಖಿತ ಒಪ್ಪಿಗೆ ಎಂದು ವಾದಿಸಲು ಹೋಗಲಿಲ್ಲ. ಬಿಲ್ಲು ಕಳಿಸಿದ್ದು ತಿಳಿವಳಿಕೆಗೆ ಸಾಕ್ಷಿ, ಅಷ್ಟೇ. ಜಿಎಸ್‌ಟಿ ನೋಂದಣಿಗೆಂದು ಮಾಲೀಕರು ‘ಈ ವಿಳಾಸದಿಂದ ವ್ಯವಹಾರ ನಡೆಸಲು ನನ್ನ ಆಕ್ಷೇಪಣೆ ಇಲ್ಲ’ ಎಂದು ಸಹಿ ಹಾಕಿದ ಕಾಗದ ಯಾರ ಬಳಿಯಾದರೂ ಇದ್ದರೆ ಅದರ ತೂಕವೇ ಬೇರೆ. ಅದನ್ನು ಕರಾರಿನ ಜೊತೆಯೇ ಇಟ್ಟುಕೊಳ್ಳಬೇಕು.

ಯಂತ್ರ ಈಗ ತಿರುವಾನ್ಮಿಯೂರಿನ ಒಂದು ಸಣ್ಣ ಮಳಿಗೆಯಲ್ಲಿದೆ. ಅದರ ಬಾಡಿಗೆ ಅತ್ತಿಗೆಯ ಲಾಭದಲ್ಲಿ ಸುಮಾರು ಮೂರನೇ ಒಂದು ಭಾಗವನ್ನು ತಿನ್ನುತ್ತದೆ. ಹಾಗಾಗಿ ಹಬ್ಬದ ಕೋಡುಬಳೆ ಬಿಟ್ಟು ಪುಡಿಗಳನ್ನಷ್ಟೇ ಉಳಿಸಿಕೊಂಡಿದ್ದಾರೆ. ಇದು ಗೆಲುವು ಅಂತ ನಾನು ಹೇಳುವುದಿಲ್ಲ. ಮನೆ ಉಳಿಯಿತು, ಫೀಸು ಕಟ್ಟುವುದು ಸ್ವಲ್ಪ ಬಿಗಿಯಾಯಿತು.

ಆಮೇಲೆ ಮಾಲೀಕರೇ ಮಾತಿಗೆ ಕರೆದರು. ಏಳನೇ ಷರತ್ತಿನ ಕೆಳಗೆ ಒಂದು ತಿದ್ದುಪಡಿ ಸೇರಿಸಿ ಎರಡೂ ಕಡೆಯವರು ಸಹಿ ಮಾಡಿದರು. ಅದರಲ್ಲಿ ಇರುವುದು ಇಷ್ಟು: ಮನೆಯವರು ತಮ್ಮ ಕೈಯಿಂದ ಮಾಡುವ ಪೊಟ್ಟಣ ಕಟ್ಟುವ ಕೆಲಸ ಮತ್ತು ಲೆಕ್ಕಪತ್ರದ ಕೆಲಸವನ್ನು ಮನೆಯಲ್ಲಿ ಮಾಡಬಹುದು. ಯಂತ್ರ, ಸಂಬಳದ ಕೆಲಸಗಾರರು, ನಾಮಫಲಕ, ಬಾಗಿಲಲ್ಲಿ ಮಾರಾಟ ಇರಕೂಡದು. ಈ ಬಳಕೆಯಿಂದ ವಿದ್ಯುತ್ತಿಗಾಗಲಿ ಆಸ್ತಿ ತೆರಿಗೆಗಾಗಲಿ ಹೆಚ್ಚುವರಿ ಹಣ ಬಿದ್ದರೆ ಅದನ್ನು ಬಾಡಿಗೆದಾರರೇ ಕಟ್ಟಬೇಕು. ಮನೆ ಹಿಡಿಯುವ ದಿನವೇ ಕೇಳಿದ್ದರೆ ಯಾವ ಮಾಲೀಕರೂ ಸಹಿ ಹಾಕಬಹುದಾದ ಮೂರು ವಾಕ್ಯಗಳು.